ಮುಸ್ಸಂಜೆಗೆ ಎದ್ದು ಹೊರಡುವ ಅಜ್ಜ: ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳಲು ಬೆಳಗ್ಗಿನಿಂದ ರಾತ್ರಿಯವರೆಗಿನ ದಿನಚರಿ

ನಾನು ಕಾಸರಗೋಡಿನ ಗಡಿಭಾಗದಲ್ಲಿ ದೀರ್ಘ ಕಾಯಿಲೆಯವರನ್ನು ಮನೆಯಲ್ಲೇ ನೋಡುವ ಪಂಚಾಯತಿನ ಪಾಲಿಯೇಟಿವ್ ತಂಡದ ಜೊತೆ ಮನೆಮನೆಗೆ ಹೋಗುವ ನರ್ಸ್. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಿರಿಯರ ಮನೆಗಳಲ್ಲಿ ಕೇಳುವ ಕಷ್ಟ ಹೆಚ್ಚು ಕಡಿಮೆ ಒಂದೇ. ಹಗಲು ಹೇಗೋ ಕಳೆಯುತ್ತದೆ. ಸಂಜೆ ಐದೂವರೆ ಆಯಿತೆಂದರೆ ಎದ್ದು ಹೊರಡುತ್ತಾರೆ. ತಡೆದರೆ ಬೈಯುತ್ತಾರೆ, ಕೈ ಎತ್ತುತ್ತಾರೆ. ರಾತ್ರಿ ಮೂರು ಸಲ ಏಳುತ್ತಾರೆ.

ಮನೆಯವರು ಇದನ್ನು ಮೂರು ಬೇರೆ ಬೇರೆ ತೊಂದರೆ ಅಂದುಕೊಳ್ಳುತ್ತಾರೆ. ಹೊರಡುವುದಕ್ಕೆ ಬೀಗ, ಸಿಟ್ಟಿಗೆ ಒಂದು ಮಾತ್ರೆ, ನಿದ್ದೆಗೆ ಇನ್ನೊಂದು ಮಾತ್ರೆ ಹುಡುಕುತ್ತಾರೆ. ತಪ್ಪುವುದು ಅಲ್ಲೇ. ಹಗಲು ಜಾಸ್ತಿ ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ. ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಸಂಜೆಗೆ ತಲೆ ಪೂರ್ತಿ ದಣಿದಿರುತ್ತದೆ. ದಣಿದ ತಲೆಗೆ ಮಬ್ಬು ಬೆಳಕಿನಲ್ಲಿ ಸ್ವಂತ ಮನೆಯ ಗುರುತೇ ಸಿಗುವುದಿಲ್ಲ. ಆಗ "ಮನೆಗೆ ಹೋಗ್ಬೇಕು" ಎಂದು ಹೊರಡುತ್ತಾರೆ. ಮೂರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಹಾಗಾಗಿ ಆರು ಗಂಟೆಯ ಗಲಾಟೆಗೆ ಬೆಳಗ್ಗೆಯೇ ಕೆಲಸ ಶುರು ಮಾಡಬೇಕು.

ಬದಿಯಡ್ಕ ಕಡೆಯ ಒಂದು ಅಡಿಕೆ ತೋಟದ ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಅಜ್ಜನಿಗೆ 78 ವರ್ಷ. ಆಲ್ಜೈಮರ್ ಕಾಯಿಲೆ ಎಂದು ಗೊತ್ತಾಗಿ 3 ವರ್ಷ ಆಗಿತ್ತು. ನೋಡಿಕೊಳ್ಳುವವರು ಸೊಸೆ. ಮಗ ತೋಟದ ಕೆಲಸದಲ್ಲಿ. ದಿನಾ ಸಂಜೆ ಅಜ್ಜ ಟಾರ್ಚು, ಕೋಲು ಹಿಡಿದು ಅಂಗಳ ಇಳಿಯುತ್ತಿದ್ದರು. "ದನ ಕಟ್ಟಿ ಆಗ್ಲಿಲ್ಲ" ಎನ್ನುತ್ತಿದ್ದರು. ಹಟ್ಟಿಯಲ್ಲಿ ದನ ಇಲ್ಲದೆ ನಾಲ್ಕು ವರ್ಷ ಆಗಿತ್ತು.

## ಕೈಯಲ್ಲಿ ಇರಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ನೋಟ್ ಪುಸ್ತಕ ಮತ್ತು ಪೆನ್ನು. ದೊಡ್ಡ ಅಂಕಿಯ ಗೋಡೆ ಗಡಿಯಾರ. ಬಚ್ಚಲಿಗೆ ಹೋಗುವ ದಾರಿಗೆ ಎರಡು ಸಣ್ಣ ರಾತ್ರಿ ದೀಪ. ಕರೆಂಟ್ ಹೋದರೆ ತಾನಾಗಿ ಹೊತ್ತುವ ಒಂದು ಎಮರ್ಜೆನ್ಸಿ ಲೈಟು. ಬಾಗಿಲಿಗೆ ಕಟ್ಟಲು ಗೆಜ್ಜೆ ಅಥವಾ ಸಣ್ಣ ಗಂಟೆ. ಬಾವಿಗೆ ಕಬ್ಬಿಣದ ಗ್ರಿಲ್. ಹೆಸರು ಮತ್ತು ಫೋನ್ ನಂಬರ್ ಇರುವ ಗುರುತಿನ ಚೀಟಿ. ಇವುಗಳಲ್ಲಿ ಖರ್ಚಿನದ್ದು ಗ್ರಿಲ್ ಒಂದೇ. ಅದನ್ನು ಮಾತ್ರ ಮುಂದೂಡಬೇಡಿ.

## ಹಂತ 1: ಏಳು ದಿನ ಬರೆದಿಡಿ, ಏನನ್ನೂ ಬದಲಿಸಬೇಡಿ

ಬಹಳ ಮನೆಯವರು ಬಿಟ್ಟುಬಿಡುವ ಹಂತ ಇದು. "ಯಾವಾಗ್ಲೂ ಹೀಗೇ ಮಾಡ್ತಾರೆ" ಎನ್ನುತ್ತಾರೆ. ಬರೆದು ನೋಡಿದರೆ ಯಾವಾಗಲೂ ಹಾಗೆ ಇರುವುದಿಲ್ಲ. ಅದಕ್ಕೊಂದು ಹೊತ್ತು ಇರುತ್ತದೆ, ಅದರ ಮೊದಲು ಏನೋ ಒಂದು ನಡೆದಿರುತ್ತದೆ.

ಪುಟದಲ್ಲಿ ನಾಲ್ಕು ಅಂಕಣ ಮಾಡಿ: ಎಷ್ಟು ಗಂಟೆಗೆ, ಅದಕ್ಕಿಂತ ಮೊದಲಿನ ಅರ್ಧ ಗಂಟೆಯಲ್ಲಿ ಏನಾಯಿತು, ಅವರು ಏನು ಮಾಡಿದರು, ಯಾವುದರಿಂದ ಸಮಾಧಾನ ಆದರು. ಪುಟದ ಅಡಿಯಲ್ಲಿ ಮಲಗಿದ್ದು ಮತ್ತು ಎದ್ದದ್ದು, ಚಹಾ ಕುಡಿದ ಹೊತ್ತು, ಮಲವಿಸರ್ಜನೆ ಆಯಿತೋ ಇಲ್ಲವೋ ಎಂದು ಬರೆಯಿರಿ. "ಗಲಾಟೆ ಮಾಡಿದರು" ಎಂದು ಬರೆದರೆ ಪ್ರಯೋಜನ ಇಲ್ಲ. "5.40ಕ್ಕೆ ಚಪ್ಪಲಿ ಹುಡುಕಿದರು, ಬಾಗಿಲು ತಟ್ಟಿದರು" ಎಂದು ಕಂಡದ್ದನ್ನೇ ಬರೆಯಿರಿ.

ಅಜ್ಜನ ಮನೆಯ ಪುಸ್ತಕದಲ್ಲಿ ಏಳು ದಿನಕ್ಕೆ ಇಷ್ಟು ಕಂಡಿತು. ಊಟ 1 ಗಂಟೆಗೆ. ಮಲಗುವುದು 1.30ರಿಂದ 4.30ರವರೆಗೆ. ಎದ್ದ ಕೂಡಲೇ ಒಂದು ಚಹಾ, ಆರು ಗಂಟೆಗೆ ಇನ್ನೊಂದು. ಐದೂವರೆಗೆ ಪಕ್ಕದ ತೋಟದಲ್ಲಿ ಪಂಪ್ ಶುರುವಾಗುತ್ತಿತ್ತು. ಏಳರಲ್ಲಿ ಐದು ದಿನ, ಪಂಪಿನ ಸದ್ದು ಕೇಳಿದ ಹತ್ತು ನಿಮಿಷದೊಳಗೆ ಅಜ್ಜ ಎದ್ದಿದ್ದರು. ಮನೆಯಲ್ಲಿ ಲೈಟ್ ಹಾಕುತ್ತಿದ್ದದ್ದು ದೀಪ ಹಚ್ಚಿದ ಮೇಲೆ, ಸುಮಾರು 6.45ಕ್ಕೆ. ಬಿಪಿಯ ಮಾತ್ರೆ ಜೊತೆ ಕೊಟ್ಟಿದ್ದ, ಮೂತ್ರ ಜಾಸ್ತಿ ಮಾಡಿಸುವ ನೀರಿನ ಮಾತ್ರೆಯನ್ನು ರಾತ್ರಿ ಊಟದ ನಂತರ ನುಂಗಿಸುತ್ತಿದ್ದರು. ಏಳು ದಿನದಲ್ಲಿ ಮಲವಿಸರ್ಜನೆ ಎರಡೇ ಸಲ.

ಸೊಸೆ ಈ ಪುಟ ನೋಡಿ ತುಂಬ ಹೊತ್ತು ಸುಮ್ಮನೆ ಕೂತರು. ಮಾವನಿಗೆ ತನ್ನ ಮೇಲೆ ದ್ವೇಷ ಎಂದು ಅವರು ಎರಡು ವರ್ಷ ನಂಬಿದ್ದರು.

## ಹಂತ 2: ದೇಹದ ತೊಂದರೆ ಮತ್ತು ಮಾತ್ರೆಯ ಹೊತ್ತು

ದಿನಚರಿ ಬದಲಿಸುವ ಮೊದಲು ಇದನ್ನು ಮುಗಿಸಿ. ನೋವು ಇರುವವರಿಗೆ "ಮೊಣಕಾಲು ನೋಯುತ್ತದೆ" ಎಂದು ಹೇಳಲು ಮಾತು ಸಿಗದೆ ಹೋಗಬಹುದು. ಆಗ ಅದು ಸಿಟ್ಟಾಗಿ ಹೊರಗೆ ಬರುತ್ತದೆ. ಹಲ್ಲು, ಹಲ್ಲಿನ ಸೆಟ್, ಕಾಲಿನ ಉಗುರು, ಕಿವಿಯ ಗುಗ್ಗೆ, ಕನ್ನಡಕ, ಹೊಟ್ಟೆ ಉಬ್ಬರ ಇಷ್ಟನ್ನು ನೀವೇ ನೋಡಿ. ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಅದನ್ನೇ ಮೊದಲು ಸರಿ ಮಾಡಬೇಕು. ಮಲಬದ್ಧತೆಯೊಂದೇ ಸಾಕು, ಇಡೀ ರಾತ್ರಿ ಎಬ್ಬಿಸಿ ಕೂರಿಸಲು.

ಮತ್ತೆ ಎಲ್ಲ ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಬಳಿ ಹೋಗಿ. ನೋಟ್ ಪುಸ್ತಕವೂ ಜೊತೆಗಿರಲಿ. ಮೂರು ಪ್ರಶ್ನೆ ಕೇಳಿ. ಮೂತ್ರ ಜಾಸ್ತಿ ಮಾಡಿಸುವ ನೀರಿನ ಮಾತ್ರೆ ಇದ್ದರೆ ಬೆಳಗ್ಗೆ ಕೊಡಬಹುದಾ? ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆಯನ್ನು ರಾತ್ರಿ ಕೊಡುತ್ತಿದ್ದರೆ, ಅದರಿಂದ ಕೆಲವರಿಗೆ ನಿದ್ದೆ ಕೆಡುತ್ತದೆ, ಕೆಟ್ಟ ಕನಸು ಬೀಳುತ್ತದೆ, ಬೆಳಗ್ಗೆಗೆ ಬದಲಿಸಬಹುದಾ? ಮರೆವನ್ನು ಹೆಚ್ಚಿಸುವ ಮಾತ್ರೆ ಯಾವುದಾದರೂ ಇದರಲ್ಲಿ ಉಂಟಾ? ನೆಗಡಿಗೆ, ತುರಿಕೆಗೆ ಅಂಗಡಿಯಿಂದ ತರುವ ಕ್ಲೋರ್‌ಫೆನಿರಮೈನ್ ಇರುವ ಮಾತ್ರೆಗಳು ಡಿಮೆನ್ಶಿಯಾ ಇರುವವರ ತಲೆಯನ್ನು ಇನ್ನಷ್ಟು ಗೊಂದಲ ಮಾಡುತ್ತವೆ. "ಇದು ಕೊಟ್ಟರೆ ನಿದ್ದೆ ಬರುತ್ತದೆ" ಎಂದು ಅದನ್ನೇ ಕೊಡುವ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಕೊಡಬೇಡಿ.

ನಿದ್ದೆ ಮಾತ್ರೆಯ ಬಗ್ಗೆಯೂ ಒಂದು ಮಾತು. ಆಲ್ಪ್ರಜೋಲಂನಂಥ ಮಾತ್ರೆಗಳಿಂದ ರಾತ್ರಿ ಎದ್ದಾಗ ತೂರಾಡಿ ಬೀಳುವ ಅಪಾಯ ಜಾಸ್ತಿ. ಗಲಾಟೆ ತಗ್ಗಿಸಲು ಕೊಡುವ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಂಥವು ಈ ಕಾಯಿಲೆಯವರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಅವರಿಗೋ ಬೇರೆಯವರಿಗೋ ಏಟಾಗುವ ಹಂತಕ್ಕೆ ಬಂದಾಗ ಡಾಕ್ಟರು ಕಡಿಮೆ ಪ್ರಮಾಣದಲ್ಲಿ, ಕೆಲವು ವಾರಕ್ಕೆ ಬರೆಯಬಹುದು. ಹಳೆಯ ಚೀಟಿ ತೋರಿಸಿ ನೀವೇ ತಂದು ಮುಂದುವರಿಸುವಂಥದ್ದಲ್ಲ ಅದು. ಈಗಾಗಲೇ ಕೊಡುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ, ಡಾಕ್ಟರಲ್ಲಿ ಕೇಳಿ. ಇಲ್ಲದ ಮಕ್ಕಳು, ಪ್ರಾಣಿಗಳು ಸ್ಪಷ್ಟವಾಗಿ ಕಾಣುತ್ತವೆ ಎನ್ನುವವರು, ಮೈ ಬಿಗಿದು ನಿಧಾನ ನಡೆಯುವವರು ಇದ್ದರೆ ಅದನ್ನು ಮೊದಲೇ ತಿಳಿಸಿ. ಅದು ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾ ಆದರೆ ಹ್ಯಾಲೊಪೆರಿಡಾಲ್ ಜೀವಕ್ಕೇ ಅಪಾಯ.

ಅಜ್ಜನ ನೀರಿನ ಮಾತ್ರೆಯನ್ನು ಡಾಕ್ಟರು ಬೆಳಗ್ಗೆಗೆ ಬದಲಿಸಿದರು. ಮಲಬದ್ಧತೆಗೆ ಔಷಧ ಬರೆದರು. ಅಷ್ಟರಿಂದಲೇ ರಾತ್ರಿ ಏಳುವುದು ನಾಲ್ಕು ಸಲದಿಂದ ಎರಡು ಮೂರಕ್ಕೆ ಇಳಿಯಿತು.

## ಹಂತ 3: ಬೆಳಗ್ಗೆ, ಬೆಳಕು ಮೊದಲು

ದಿನಾ ಒಂದೇ ಹೊತ್ತಿಗೆ ಎಬ್ಬಿಸಿ. ರಾತ್ರಿ ನಿದ್ದೆ ಆಗಿಲ್ಲ ಪಾಪ ಎಂದು ಹತ್ತು ಗಂಟೆವರೆಗೆ ಮಲಗಲು ಬಿಟ್ಟರೆ ಆ ದಿನದ ಸಂಜೆಯೂ ಕೆಟ್ಟಿತು. ಹಗಲು ಯಾವುದು, ರಾತ್ರಿ ಯಾವುದು ಎಂದು ಹೇಳುವ ಮೆದುಳಿನ ಗಡಿಯಾರ ಈ ಕಾಯಿಲೆಯಲ್ಲಿ ಸೋತುಹೋಗಿರುತ್ತದೆ. ಅದಕ್ಕೆ ಹೊರಗಿನಿಂದ ಕೀ ಕೊಡಬೇಕು. ಎಲ್ಲಕ್ಕಿಂತ ಗಟ್ಟಿ ಕೀ ಎಂದರೆ ಬೆಳಗ್ಗಿನ ಬೆಳಕು.

ಮುಖ ತೊಳೆದು ಚಹಾ ಕುಡಿದ ಮೇಲೆ ಅರ್ಧದಿಂದ ಒಂದು ಗಂಟೆ ಅಂಗಳದಲ್ಲಿ ಕೂರಿಸಿ ಅಥವಾ ನಡೆಸಿ. ತೋಟದೊಳಗೆ ಬೇಡ, ಅಲ್ಲಿ ನೆರಳು ಜಾಸ್ತಿ. ಮಳೆಗಾಲದಲ್ಲಿ ಜಗಲಿಯ ತುದಿಯಲ್ಲಿ, ಆಕಾಶ ಕಾಣುವ ಕಡೆ ಕುರ್ಚಿ ಹಾಕಿ. ಮೋಡ ಇದ್ದರೂ ಹೊರಗಿನ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು.

ಸ್ನಾನದಂಥ ಕಷ್ಟದ ಕೆಲಸವನ್ನು ಬೆಳಗ್ಗೆಯೇ ಮುಗಿಸಿ. ನಮ್ಮಲ್ಲಿ ಸಂಜೆ ಮೀಯುವ ರೂಢಿ ಉಂಟು, ಗೊತ್ತು. ಆದರೆ ದಣಿದ ಹೊತ್ತಿನಲ್ಲಿ ಬಟ್ಟೆ ಬಿಚ್ಚಿಸುವುದು, ತಲೆಗೆ ನೀರು ಹೊಯ್ಯುವುದು ಅವರಿಗೆ ಯಾರೋ ಮೈಮೇಲೆ ಬಿದ್ದ ಹಾಗೆ ಅನಿಸುತ್ತದೆ. ಮೊದಲು ಬಿಸಿನೀರನ್ನು ಅವರ ಕೈಗೆ ಮುಟ್ಟಿಸಿ. ಪಾದದಿಂದ ಶುರು ಮಾಡಿ, ಭುಜದ ಮೇಲೆ ಬೈರಾಸು ಇರಲಿ, ತಲೆ ಕೊನೆಗೆ. ಒಪ್ಪದ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು.

## ಹಂತ 4: ಮಧ್ಯಾಹ್ನದ ನಿದ್ದೆ

ಇಡೀ ದಿನಚರಿಯಲ್ಲಿ ಕಷ್ಟದ ಹಂತ ಇದು. ಯಾಕೆಂದರೆ ಮಧ್ಯಾಹ್ನ ಅವರು ಮಲಗಿದಾಗಲೇ ನೋಡಿಕೊಳ್ಳುವವರಿಗೂ ಸ್ವಲ್ಪ ಉಸಿರಾಡಲು ಆಗುವುದು. ಮೂರು ಗಂಟೆ ನಿದ್ದೆಯನ್ನು ಕಡಿಮೆ ಮಾಡಿ ಎಂದಾಗ ಅಜ್ಜನ ಸೊಸೆಯ ಕಣ್ಣಲ್ಲಿ ನೀರು ಬಂತು. "ಆ ಹೊತ್ತಿಗೆ ನಾನು ಊಟ ಮಾಡುವುದು ಸಿಸ್ಟರ್" ಎಂದರು. ಆ ಮಾತಿಗೆ ಉತ್ತರ ಹುಡುಕದೆ ಈ ಹಂತ ನಡೆಯುವುದಿಲ್ಲ. ಅವರ ಮನೆಯಲ್ಲಿ ಮಗ 1.30ರಿಂದ 2.30ರವರೆಗೆ ತೋಟದಿಂದ ಬಂದು ಅಪ್ಪನ ಬಳಿ ಕೂರುವುದೆಂದು ಮಾತಾಯಿತು. ಅದು ಆದ ಮೇಲೆಯೇ ಉಳಿದದ್ದು ಆಯಿತು.

ಒಮ್ಮೆಲೇ ನಿದ್ದೆ ತಪ್ಪಿಸಬೇಡಿ. ಮೂರು ಗಂಟೆ ಮಲಗುವವರನ್ನು ಒಂದೇ ದಿನದಲ್ಲಿ ಎಬ್ಬಿಸಿ ಕೂರಿಸಿದರೆ ಸಂಜೆ ನಾಲ್ಕಕ್ಕೇ ಗಲಾಟೆ ಶುರುವಾಗುತ್ತದೆ. ಮನೆಯವರು "ಇದರಿಂದ ಇನ್ನೂ ಹಾಳಾಯ್ತು" ಎಂದು ಕೈಬಿಡುತ್ತಾರೆ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಎಬ್ಬಿಸುತ್ತ ಬನ್ನಿ. ಕೊನೆಗೆ ಅರ್ಧ ಗಂಟೆ ನಿದ್ದೆ, ಅದೂ 2.30ರೊಳಗೆ ಮುಗಿಯಬೇಕು. ಮಲಗುವ ಕೋಣೆಯ ಮಂಚದಲ್ಲಿ ಬೇಡ. ಚಾವಡಿಯ ಒರಗು ಕುರ್ಚಿಯಲ್ಲಿ, ಬೆಳಕಿರುವಲ್ಲಿ ಮಲಗಲಿ. ಮಂಚ ರಾತ್ರಿಗೆ ಮಾತ್ರ.

ಎಬ್ಬಿಸಿದ ಮೇಲೆ ಕೈಗೆ ಕೆಲಸ ಬೇಕು. ಟಿವಿ ಮುಂದೆ ಕೂರಿಸಿದರೆ ಅಲ್ಲೇ ತೂಕಡಿಸುತ್ತಾರೆ. ಅವರ ಕೈಗೆ ಹಿಂದಿನಿಂದ ಗೊತ್ತಿರುವ ಕೆಲಸ ಕೊಡಿ. ಅಜ್ಜನಿಗೆ ಒಂದು ಬುಟ್ಟಿ ಒಣ ಅಡಿಕೆ ಕೊಟ್ಟು ದೊಡ್ಡದು ಸಣ್ಣದು ಬೇರೆ ಮಾಡಲು ಹೇಳಿದೆವು. ಅಡಿಕೆ ಸುಲಿಯುವ ಕತ್ತಿ ಕೊಡಲಿಲ್ಲ, ಸುಲಿದ ಅಡಿಕೆ ಮಾತ್ರ. ದಿನಾ ಅದೇ ಬುಟ್ಟಿ, ಸಂಜೆ ಮತ್ತೆ ಬೆರೆಸಿಡುವುದು. ಅಜ್ಜಿಯಂದಿರಾದರೆ ಹೂ ಕಟ್ಟುವುದು, ಹೆಸರುಕಾಳು ಆರಿಸುವುದು, ಬಟ್ಟೆ ಮಡಚುವುದು. ಸರಿಯಾಯಿತೋ ತಪ್ಪಾಯಿತೋ ನೋಡಬೇಡಿ. ತಪ್ಪು ತಿದ್ದಿದಿರಾ, ಮರುದಿನ ಆ ಕೆಲಸ ಮುಟ್ಟುವುದಿಲ್ಲ.

ಮಧ್ಯಾಹ್ನ 2 ಗಂಟೆಯ ನಂತರ ಕಾಫಿ, ಚಹಾ ಬೇಡ. ಕಪ್ಪು ತೆಗೆದರೆ ಜಗಳ ಆಗುತ್ತದೆ, ಆದ್ದರಿಂದ ಅದೇ ಕಪ್ಪಿನಲ್ಲಿ ಜೀರಿಗೆ ಕಷಾಯ ಅಥವಾ ಹಾಲು ಕೊಡಿ. ನೀರು, ಮಜ್ಜಿಗೆ, ಗಂಜಿತೆಳಿ ಎಲ್ಲ ಸಂಜೆ ಆರರೊಳಗೆ ಸಾಕಷ್ಟು ಹೋಗಲಿ. ಆಮೇಲೆ ಕಡಿಮೆ. ರಾತ್ರಿ ಮೂತ್ರಕ್ಕೆ ಏಳುತ್ತಾರೆಂದು ಇಡೀ ದಿನ ನೀರು ತಪ್ಪಿಸುವವರಿದ್ದಾರೆ. ಅದರಿಂದ ಮಲಬದ್ಧತೆ, ಮೂತ್ರದ ಸೋಂಕು, ಗೊಂದಲ ಎಲ್ಲವೂ ಬರುತ್ತವೆ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ನೀರು ಎಂದು ಡಾಕ್ಟರು ಹೇಳಿದ ಲೆಕ್ಕವೇ ಲೆಕ್ಕ.

## ಹಂತ 5: ನಾಲ್ಕರಿಂದ ಏಳರವರೆಗೆ

ಪುಸ್ತಕದಲ್ಲಿ ಅವರು ಹೊರಡುವ ಹೊತ್ತು ನೋಡಿ. ಅದಕ್ಕಿಂತ ಮುಕ್ಕಾಲು ಗಂಟೆ ಮೊದಲು ನೀವೇ ಅವರನ್ನು ಹೊರಡಿಸಿ. ತಡೆಯುವುದಕ್ಕಿಂತ ಇದು ಎಷ್ಟೋ ಸುಲಭ.

ಅಜ್ಜ ಹೊರಡುತ್ತಿದ್ದದ್ದು 5.40ಕ್ಕೆ. ಮಗ 4.50ಕ್ಕೆ ಬಂದು "ಅಪ್ಪಾ, ಹಟ್ಟಿ ಕಡೆ ಒಮ್ಮೆ ಹೋಗಿ ಬರುವನಾ" ಎನ್ನುತ್ತಾನೆ. ಕೋಲು ಕೊಡುತ್ತಾನೆ. ಇಬ್ಬರೂ ಹಟ್ಟಿಯವರೆಗೆ ನಡೆಯುತ್ತಾರೆ, ಹಟ್ಟಿಯ ಬಾಗಿಲನ್ನು ಅಜ್ಜನೇ ಹಾಕಿ ಚಿಲಕ ಸಿಕ್ಕಿಸುತ್ತಾರೆ. ದಾರಿಯಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಾರೆ. ಅರ್ಧ ಗಂಟೆಯಲ್ಲಿ ವಾಪಸ್. ಅಜ್ಜನಿಗೆ ಬೇಕಾಗಿದ್ದದ್ದು ದನ ಅಲ್ಲ, ದಿನದ ಕೊನೆಯ ಕೆಲಸ ಮುಗಿಯಿತು ಎಂಬ ಸಮಾಧಾನ. ಐವತ್ತು ವರ್ಷ ಮುಸ್ಸಂಜೆಗೆ ದನ ಕಟ್ಟಿದ ಮೈಗೆ ಆ ಹೊತ್ತು ಮರೆತುಹೋಗುವುದಿಲ್ಲ.

ಬಂದ ಮೇಲೆ ಕಾಲು ತೊಳೆದು ಏನಾದರೂ ತಿನ್ನಲು ಕೊಡಿ. ಹಸಿವು ಸಿಟ್ಟಿನ ಹಾಗೆ ಕಾಣುತ್ತದೆ. ಒಂದು ಬಾಳೆಹಣ್ಣು, ಎರಡು ಬಿಸ್ಕತ್ತು ಸಾಕು. ಸಕ್ಕರೆ ಕಾಯಿಲೆ ಇದ್ದರೆ ಅದಕ್ಕೆ ಹೊಂದುವಂಥದ್ದು.

ಲೈಟನ್ನು ಕತ್ತಲಾಗುವ ಮೊದಲೇ ಹಾಕಿ. ನಮ್ಮಲ್ಲಿ ಸೂರ್ಯ ಮುಳುಗುವುದು ಆರರಿಂದ ಏಳರ ನಡುವೆ, ಆದರೆ ತೋಟದ ನಡುವಿನ ಮನೆಗೆ ಐದಕ್ಕೇ ನೆರಳು ಇಳಿಯುತ್ತದೆ. ಹಾಗಾಗಿ 5 ಗಂಟೆಗೆ ಚಾವಡಿ, ಓಣಿ, ಬಚ್ಚಲಿನ ಲೈಟು ಹೊತ್ತಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯ ದಿನಗಳಲ್ಲಿ 4 ಗಂಟೆಗೇ ಹಾಕಿ. "ಮಳೆಗಾಲ ಬಂದರೆ ಅಮ್ಮನಿಗೆ ಜಾಸ್ತಿಯಾಗುತ್ತದೆ" ಎಂದು ಹೇಳುವ ಮನೆಗಳಲ್ಲಿ ಇಷ್ಟು ಮಾಡಿದ್ದಕ್ಕೇ ವ್ಯತ್ಯಾಸ ಕಂಡಿದ್ದೇನೆ. ಕರೆಂಟ್ ಹೋದ ಆ ಒಂದು ನಿಮಿಷ ಅವರಿಗೆ ತುಂಬ ಭಯ, ಎಮರ್ಜೆನ್ಸಿ ಲೈಟ್ ಅವರ ಕೋಣೆಯಲ್ಲೇ ಇರಲಿ. ಕಿಟಕಿ ಗಾಜಿನಲ್ಲಿ, ಕನ್ನಡಿಯಲ್ಲಿ ಕಾಣುವ ತನ್ನದೇ ಮುಖವನ್ನು ಬೇರೆ ಯಾರೋ ಎಂದುಕೊಳ್ಳುವವರೂ ಇದ್ದಾರೆ. ಅಂಥವರಿದ್ದರೆ ಸಂಜೆಗೆ ಪರದೆ ಎಳೆಯಿರಿ, ಕನ್ನಡಿಗೆ ಬಟ್ಟೆ ಹಾಕಿ.

ಈ ಹೊತ್ತಿನಲ್ಲಿ ಧಾರಾವಾಹಿಯ ಜಗಳ, ವಾರ್ತೆಯ ಕೂಗಾಟ ಬೇಡ. ಟಿವಿಯಲ್ಲಿ ಬೈದರೆ ತನಗೇ ಬೈದರು ಎಂದುಕೊಳ್ಳುತ್ತಾರೆ. ನೆಂಟರನ್ನೂ ಸಂಜೆಗೆ ಬರಬೇಡಿ, ಬೆಳಗ್ಗೆ ಬನ್ನಿ ಎಂದು ಧೈರ್ಯವಾಗಿ ಹೇಳಿ.

## ಹಂತ 6: ಆದರೂ ಸಿಟ್ಟು ಬಂದಾಗ

ಇಷ್ಟೆಲ್ಲ ಮಾಡಿದರೂ ಕೆಲವು ದಿನ ಬರುತ್ತದೆ. ಆಗ ಈ ಕ್ರಮದಲ್ಲಿ ಹೋಗಿ.

ಹಿಂದಿನಿಂದ ಬಂದು ಮುಟ್ಟಬೇಡಿ. ಎದುರಿನಿಂದ ಬನ್ನಿ, ಒಂದು ಕೈ ದೂರದಲ್ಲಿ ನಿಲ್ಲಿ, ಅವರು ಕೂತಿದ್ದರೆ ನೀವೂ ಕೂತುಕೊಳ್ಳಿ. ದನಿ ತಗ್ಗಿಸಿ, ಒಂದು ಸಲಕ್ಕೆ ಒಂದೇ ವಾಕ್ಯ. ಉತ್ತರಕ್ಕೆ ಹತ್ತು ಎಣಿಸುವಷ್ಟು ಕಾಯಿರಿ. ಮೊದಲು ಅವರ ಮಾತನ್ನು ಒಪ್ಪಿ, ಆಮೇಲೆ ದಾರಿ ಬದಲಿಸಿ. ಈ ಕ್ರಮ ತಿರುವುಮುರುವು ಆದರೆ ಕೆಲಸ ಆಗುವುದಿಲ್ಲ.

ಅಜ್ಜನ ಮನೆಯಲ್ಲಿ ಮೊದಲು ಹೀಗೆ ನಡೆಯುತ್ತಿತ್ತು. "ದನ ಕಟ್ಟಿ ಆಗ್ಲಿಲ್ಲ." "ದನ ಎಲ್ಲಿ ಉಂಟು ಮಾವ? ಮಾರಿ ನಾಲ್ಕು ವರ್ಷ ಆಯ್ತಲ್ಲ!" ಅಜ್ಜನಿಗೆ ಅದು ಪ್ರತಿದಿನ ಹೊಸ ಸುದ್ದಿ. ತನ್ನನ್ನು ಕೇಳದೆ ದನ ಮಾರಿದರು ಎಂಬ ಸಂಕಟ ಪ್ರತಿದಿನ ಹೊಸದು. ಈಗ ಸೊಸೆ ಹೇಳುವುದು ಹೀಗೆ: "ಹೌದು ಮಾವ, ಕತ್ತಲಾಗ್ತಾ ಬಂತು. ಕೆಂಪು ದನ ತುಂಬ ಹಾಲು ಕೊಡ್ತಿತ್ತಲ್ಲ?" ಅಜ್ಜ ಆ ದನದ ಕತೆ ಹೇಳುತ್ತಾರೆ. ಕತೆಯ ನಡುವೆ ಕಷಾಯ ಬರುತ್ತದೆ.

ಹೊಡೆಯಲು ಬಂದರೆ ಕೈ ಹಿಡಿಯಬೇಡಿ. ಎರಡು ಹೆಜ್ಜೆ ಹಿಂದೆ ಸರಿಯಿರಿ, ಸುತ್ತಲಿನ ಕತ್ತಿ, ಕೋಲು ದೂರ ಮಾಡಿ, ಹತ್ತು ನಿಮಿಷ ಕಣ್ಣಳತೆಯಲ್ಲಿದ್ದು ಸುಮ್ನೆ ಬಿಡಿ. ಮತ್ತೆ ಬರುವಾಗ ಸಾಧ್ಯವಾದರೆ ಇನ್ನೊಬ್ಬರು ಬರಲಿ. ಕಟ್ಟಿಹಾಕಬಾರದು. ಕಟ್ಟಿದ ಬಟ್ಟೆ ಕುತ್ತಿಗೆಗೆ ಸಿಕ್ಕುವುದುಂಟು, ಎಳೆದಾಡಿ ಮೂಳೆ ಮುರಿಯುವುದುಂಟು.

ಭಾಷೆಯ ವಿಷಯ ನಮ್ಮ ಊರಿನಲ್ಲಿ ಬೇರೆಯೇ ತೂಕದ್ದು. ಇಲ್ಲಿ ಒಬ್ಬರಿಗೇ ಕನ್ನಡ, ತುಳು, ಮಲಯಾಳ ಬರುತ್ತಿತ್ತು. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಸಾಮಾನ್ಯವಾಗಿ ಮೊದಲು ಹೋಗುತ್ತದೆ. ಅಜ್ಜ ಒಂದು ಕಾಲದಲ್ಲಿ ಅಡಿಕೆ ವ್ಯಾಪಾರವನ್ನೆಲ್ಲ ಮಲಯಾಳದಲ್ಲೇ ಮಾಡುತ್ತಿದ್ದರು. ಆದರೆ ಕೇರಳದ ತೆಂಕಣ ಜಿಲ್ಲೆಯಿಂದ ಬಂದ ಹೋಂ ನರ್ಸ್ ಸ್ನಾನಕ್ಕೆ ಮಲಯಾಳದಲ್ಲಿ ಕರೆದಾಗ, ಪರಿಚಯ ಇಲ್ಲದವಳು ಬೈಯುತ್ತಿದ್ದಾಳೆ ಎಂದು ದೂಡಿದರು. ಆಕೆಗೆ ಐದು ಮಾತು ಕಲಿಸಿದೆವು: ಬನ್ನಿ, ಕೂತ್ಕೊಳ್ಳಿ, ಬಿಸಿನೀರು, ಮೆಲ್ಲ, ಆಯ್ತು. ಸ್ನಾನ ಮತ್ತೆ ನಡೆಯಿತು. ನಿಮ್ಮ ಮನೆಯ ಹಿರಿಯರು ಚಿಕ್ಕಂದಿನಲ್ಲಿ ಆಡಿದ ಭಾಷೆ ತುಳು, ಕೊಂಕಣಿ, ಮರಾಠಿ ಯಾವುದೇ ಇರಲಿ, ಸಮಾಧಾನದ ಮಾತು ಅದರಲ್ಲೇ ಇರಲಿ.

## ಹಂತ 7: ರಾತ್ರಿ

ಊಟ 7.30ಕ್ಕೆ, ಹಗುರವಾಗಿ. 9 ಗಂಟೆಗೆ ಬಚ್ಚಲಿಗೆ ಕರೆದುಕೊಂಡು ಹೋಗಿ, ಆಮೇಲೆ ಮಂಚ. ಕಾಲಿಗೆ ಸ್ವಲ್ಪ ಎಣ್ಣೆ ಹಚ್ಚುವುದು, ಒಂದು ಭಜನೆ, ಅದೇ ಹೊದಿಕೆ, ದಿನಾ ಅದೇ ಕ್ರಮ. ಏಳಕ್ಕೇ ಮಲಗಿಸಿದರೆ ಒಂದು ಗಂಟೆಗೆ ನಿದ್ದೆ ಮುಗಿದೇ ಮುಗಿಯುತ್ತದೆ, ಅದು ಅವರ ತಪ್ಪಲ್ಲ. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ದೀಪ ಇರಲಿ. ದಾರಿಯಲ್ಲಿ ಚಾಪೆ, ಸ್ಟೂಲು ಬೇಡ.

ನಡುರಾತ್ರಿ ಎದ್ದರೆ ದೊಡ್ಡ ಲೈಟ್ ಹಾಕಬೇಡಿ, "ಈಗ ಗಂಟೆ ಎಷ್ಟು ಗೊತ್ತುಂಟಾ" ಎಂದು ಕೇಳಬೇಡಿ. ಮೂತ್ರ, ಬಾಯಾರಿಕೆ, ನೋವು, ಸೆಕೆ ಅಥವಾ ಚಳಿ, ಈ ನಾಲ್ಕನ್ನು ನೋಡಿ. ಮತ್ತೆ ಮಲಗಿಸಿ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಮಂಚದಲ್ಲಿ ಹಟ ಮಾಡಿಸದೆ ಕುರ್ಚಿಯಲ್ಲಿ ಕೂರಿಸಿ, ಮಂದ ಬೆಳಕಿನಲ್ಲಿ ಮೆಲ್ಲ ಮಾತಾಡಿ. ತೂಕಡಿಕೆ ಬಂದಾಗ ಮತ್ತೆ ಮಂಚ. ಹಗಲಿನ ಅಂಗಿ, ಚಪ್ಪಲಿ, ಟಾರ್ಚು ಕಣ್ಣಿಗೆ ಕಾಣುವಲ್ಲಿ ಇಡಬೇಡಿ. ಅವು ಕಂಡರೆ ಹೊರಡುವ ನೆನಪು ಬರುತ್ತದೆ.

ನೋಡಿಕೊಳ್ಳುವವರು ವಾರಕ್ಕೆ ಎರಡು ರಾತ್ರಿಯಾದರೂ ಬೇರೆ ಕೋಣೆಯಲ್ಲಿ ಪೂರ್ತಿ ಮಲಗಬೇಕು. ಆ ಎರಡು ರಾತ್ರಿ ಯಾರ ಪಾಳಿ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಬಾಯಿಮಾತಿನ ಪಾಳಿ ಎರಡನೇ ವಾರಕ್ಕೆ ನಿಲ್ಲುತ್ತದೆ.

## ಹಂತ 8: ಬಾಗಿಲು, ಬಾವಿ, ಮತ್ತು ಕಾಣದೆ ಹೋದಾಗ

ಎಷ್ಟೇ ಒಳ್ಳೆಯ ದಿನಚರಿ ಇದ್ದರೂ ಒಂದು ದಿನ ಕಣ್ಣು ತಪ್ಪುತ್ತದೆ. ಆ ದಿನಕ್ಕೆ ಮನೆ ತಯಾರಿರಬೇಕು.

ಬಾವಿಗೆ ಗ್ರಿಲ್ ಹಾಕಿ. ಬಾವಿಕಟ್ಟೆ ಎತ್ತರ ಇದೆ ಎಂದು ಬಿಡಬೇಡಿ, ನೀರು ಸೇದುವ ಅಭ್ಯಾಸ ಇರುವವರು ಬಗ್ಗಿಯೇ ಬಗ್ಗುತ್ತಾರೆ. ಕೆರೆಗೆ ಇಳಿಯುವ ಮೆಟ್ಟಿಲಿಗೆ, ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗದ ಬಾಯಿಗೆ ಅಡ್ಡ ಕಟ್ಟಿ. ಮೈಲುತುತ್ತು, ಕೀಟನಾಶಕ, ಕತ್ತಿ ಎಲ್ಲ ಬೀಗದ ಒಳಗಿರಲಿ. ಬಾಗಿಲಿನ ಚಿಲಕವನ್ನು ಎಂದಿನ ಜಾಗದಿಂದ ತೆಗೆದು ತೀರಾ ಮೇಲೆ ಅಥವಾ ತೀರಾ ಕೆಳಗೆ ಹಾಕಿದರೆ ಹೆಚ್ಚಿನವರಿಗೆ ಅದು ಹೊಳೆಯುವುದಿಲ್ಲ. ಬಾಗಿಲಿಗೆ ಗೆಜ್ಜೆ ಕಟ್ಟಿ. ಆದರೆ ಅವರೊಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗಲೇಬಾರದು. ಬೆಂಕಿ ಬಿದ್ದರೆ, ಕಾಲು ಜಾರಿದರೆ ಯಾರೂ ಇಲ್ಲ.

ಗುರುತಿನ ಚೀಟಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯಿರಿ. ಬಸ್ಸಿನ ಕಂಡಕ್ಟರು, ಆಟೊದವರು, ಪೊಲೀಸರು ಹೆಚ್ಚಾಗಿ ಮಲಯಾಳ ಓದುವವರು. ಹೆಸರು, ಮರೆವಿನ ಕಾಯಿಲೆ ಇದೆ, ಕನ್ನಡ ಮಾತಾಡುತ್ತಾರೆ, ಎರಡು ಫೋನ್ ನಂಬರ್, ಇಷ್ಟು ಸಾಕು. ಕಿಸೆಯಲ್ಲಿಟ್ಟರೆ ತೆಗೆದು ಬಿಸಾಡುತ್ತಾರೆ. ಅಂಗಿಯ ಒಳಬದಿಗೆ ಹೊಲಿಯಿರಿ, ಅಥವಾ ಬಿಚ್ಚಲು ಬಾರದ ಕೈಪಟ್ಟಿ ಮಾಡಿಸಿ. ಹತ್ತಿರದ ಎರಡು ಮನೆ, ಅಂಗಡಿ, ಬಸ್ ಸ್ಟಾಂಡಿನ ಆಟೊದವರಿಗೆ ಮೊದಲೇ ಫೋಟೊ ತೋರಿಸಿಡಿ. "ಅರಳು ಮರುಳು" ಎಂದು ಊರವರು ಆಡಿಕೊಳ್ಳುತ್ತಾರೆಂದು ಮುಚ್ಚಿಡುವ ಮನೆಗಳಲ್ಲೇ ಹುಡುಕಾಟಕ್ಕೆ ಜನ ತಡವಾಗಿ ಸೇರುತ್ತಾರೆ.

ಕಾಣದೆ ಹೋದರೆ ಹೀಗೆ ಮಾಡಿ:

1. ಹೊತ್ತು ನೋಡಿ, ತೊಟ್ಟ ಬಟ್ಟೆ ನೆನಪು ಮಾಡಿಕೊಳ್ಳಿ. ಒಬ್ಬರು ಮನೆಯಲ್ಲೇ ಇರಲಿ, ಅವರು ತಾವಾಗಿ ವಾಪಸ್ ಬರಬಹುದು.
2. ಮೊದಲು ನೀರಿನ ಕಡೆ ಓಡಿ: ಬಾವಿ, ಕೆರೆ, ತೋಡು, ಕಲ್ಲಿನ ಕೋರೆ. ಮನೆಯೊಳಗಿನ ಮೂಲೆಗಳನ್ನು ಇನ್ನೊಬ್ಬರು ನೋಡಲಿ.
3. ಹಳೆಯ ಅಭ್ಯಾಸದ ಜಾಗ ನೋಡಿ: ಹಟ್ಟಿ, ಹಳೆಯ ತರವಾಡು ಮನೆಯ ದಾರಿ, ದೇವಸ್ಥಾನ, ಅಡಿಕೆ ಅಂಗಡಿ.
4. 15 ನಿಮಿಷದಲ್ಲಿ ಸಿಗದಿದ್ದರೆ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕೆಂಬ ನಿಯಮ ಇಲ್ಲ. ಡಿಮೆನ್ಶಿಯಾ ಇದೆ ಎಂದು ಮೊದಲ ವಾಕ್ಯದಲ್ಲೇ ಹೇಳಿ.

ಹೆಸರು ಕೂಗಿದರೆ ಓಗೊಡುತ್ತಾರೆ ಎಂದು ನಂಬಬೇಡಿ. ಪೊದೆಯ ಪಕ್ಕ, ತೋಟದ ಕಣಿಯಲ್ಲಿ ಸುಮ್ಮನೆ ಕೂತಿರಬಹುದು. ಹುಡುಕಿದ ಜಾಗವನ್ನೇ ಮತ್ತೊಮ್ಮೆ ಹುಡುಕಿ. ಸಿಕ್ಕಾಗ ಬೈಯಬೇಡಿ, "ಬನ್ನಿ, ಕಷಾಯ ಆಗಿದೆ" ಎಂದರೆ ಸಾಕು.

## ದಿನಚರಿ ಸಾಲದು, ಆಸ್ಪತ್ರೆಯೇ ಬೇಕು ಎನ್ನುವ ಗುರುತು

ಅಜ್ಜನ ಮನೆಯಲ್ಲಿ ಮೂರನೇ ವಾರಕ್ಕೆ ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಬಂತು. ರಾತ್ರಿ ಏಳುವುದು ಒಂದೋ ಎರಡೋ ಸಲ. ವಾರದಲ್ಲಿ ಒಂದೆರಡು ಸಂಜೆ ಕಷ್ಟದ್ದೇ ಆಗಿರುತ್ತಿತ್ತು, ಅದು ಹಾಗೆಯೇ ಉಳಿಯಿತು.

ಏಳನೇ ವಾರದಲ್ಲಿ ಒಂದು ಮಂಗಳವಾರ ಎಲ್ಲ ತಲೆಕೆಳಗಾಯಿತು. ಬೆಳಗ್ಗೆ ಕರೆದರೆ ಕಣ್ಣು ಬಿಡಲೇ ಕಷ್ಟ. ಮಧ್ಯಾಹ್ನ ಒಮ್ಮೆಲೇ ಎದ್ದು ಗೋಡೆಯಲ್ಲಿ ಇರುವೆ ಎಂದು ಕೈಯಾಡಿಸಿದರು. ಹೊದಿಕೆಯ ನೂಲು ಕೀಳುತ್ತಿದ್ದರು. ಸಂಜೆ ಮತ್ತೆ ತೂಕಡಿಕೆ. ಕಾಯಿಲೆ ಮುಂದುವರಿಯಿತು ಎಂದು ಮಗ ಹೇಳಿದರು. ಸೊಸೆ ಪುಸ್ತಕ ತೆರೆದು ನೋಡಿ ನನಗೆ ಫೋನ್ ಮಾಡಿದರು: "ಸಿಸ್ಟರ್, ಭಾನುವಾರದವರೆಗೆ ಸರಿ ಇದ್ದರು. ಎರಡು ದಿನದಲ್ಲಿ ಹೀಗಾಗಲಿಕ್ಕೆ ಉಂಟಾ?"

ಇಲ್ಲ. ಆಲ್ಜೈಮರ್ ತಿಂಗಳು, ವರ್ಷಗಳಲ್ಲಿ ಮುಂದುವರಿಯುತ್ತದೆ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬದಲಾದರೆ ಅದು ಡೆಲಿರಿಯಂ, ಅಂದರೆ ಬೇರೆ ಯಾವುದೋ ಕಾಯಿಲೆಯಿಂದ ಬಂದ ಗೊಂದಲ. ಮೂತ್ರದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ನೀರು ಅಥವಾ ಸೋಡಿಯಂ ಕಡಿಮೆ ಆಗುವುದು, ಸಕ್ಕರೆ ಇಳಿಯುವುದು, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟು ಇವೆಲ್ಲ ಕಾರಣ ಆಗುತ್ತವೆ. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬಾರದೆ ಇರಬಹುದು. ಎಚ್ಚರದಲ್ಲಿ ಏರಿಳಿತ, ಹಗಲೇ ವಿಪರೀತ ತೂಕಡಿಕೆ, ಹೊಸದಾಗಿ ಇಲ್ಲದ್ದು ಕಾಣುವುದು, ಊಟ ನೀರು ಬಿಡುವುದು, ಮೂತ್ರ ಕಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾಯಿ ಓರೆ, ಕೈಕಾಲು ಸೋಲು, ಎಬ್ಬಿಸಿದರೂ ಏಳದಿರುವುದು ಇದ್ದರೆ ಕ್ಷಣವೂ ಕಾಯಬೇಡಿ.

ಅಜ್ಜನಿಗೆ ಮೂತ್ರದ ಸೋಂಕು ಆಗಿತ್ತು. ಆಸ್ಪತ್ರೆಯಲ್ಲಿ ಐದು ದಿನ ಸೊಸೆ ಅವರ ಹೊದಿಕೆ, ಕನ್ನಡಕ, ದೊಡ್ಡ ಗಡಿಯಾರ ಮೂರನ್ನೂ ಹಾಸಿಗೆಯ ಬಳಿ ಇಟ್ಟಿದ್ದರು. ಗೊಂದಲ ಪೂರ್ತಿ ಇಳಿಯಲು ಎರಡು ವಾರಕ್ಕಿಂತ ಜಾಸ್ತಿ ಬೇಕಾಯಿತು. ಮನೆಗೆ ಬಂದಾಗ ಅಜ್ಜ ಮತ್ತೆ ಮಧ್ಯಾಹ್ನ ಮೂರು ಗಂಟೆ ಮಲಗುತ್ತಿದ್ದರು. ಮೊದಲ ವಾರ ಹಾಗೆಯೇ ಮಲಗಲು ಬಿಟ್ಟೆವು. ಎಂಟನೇ ದಿನದಿಂದ ಕಾಲು ಗಂಟೆ ಬೇಗ ಎಬ್ಬಿಸುವುದನ್ನು ಸೊಸೆ ಮತ್ತೆ ಶುರು ಮಾಡಿದರು.